ವಾರಂಟಿ ಕಾರ್ಡಿನಿಂದ ಪ್ರಶ್ನೋತ್ತರ: ಸರಳಗೊಳಿಸುವಾಗ ಕಳೆದುಹೋಗುವ ಷರತ್ತು

ಪ್ರೌಢಶಾಲೆಯ ವ್ಯಾವಹಾರಿಕ ಬರವಣಿಗೆಯಲ್ಲಿ ಪತ್ರ, ಅರ್ಜಿ, ವರದಿಗಳನ್ನು ನಾವು ಕಲಿಸುತ್ತೇವೆ. ಒಂದು ಕ್ಲಿಷ್ಟ ದಾಖಲೆಯನ್ನು ಓದಿ, ಅದನ್ನು ಬಳಸುವವರಿಗೆ ತಿಳಿಯುವಂತೆ ಪ್ರಶ್ನೋತ್ತರ ರೂಪದಲ್ಲಿ ಬರೆದುಕೊಡುವ ಅಭ್ಯಾಸವನ್ನು ಕಲಿಸುವುದು ಅಪರೂಪ. ಅರಕೇರಿಯ ಒಂದು ಪ್ರೌಢಶಾಲೆಯಲ್ಲಿ ಬೋಧನಾ ಅಭ್ಯಾಸ ನಡೆಸುತ್ತಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೆಯ ತರಗತಿಗೆ ಇಂಥ ಪಾಠವೊಂದನ್ನು ಯೋಜಿಸಿದರು. ಆಯ್ದುಕೊಂಡ ದಾಖಲೆ ಬೋರ್‌ವೆಲ್ ಮೋಟರಿನ ವಾರಂಟಿ ಕಾರ್ಡು. ದ್ರಾಕ್ಷಿ, ಲಿಂಬೆ, ಕಬ್ಬು ಬೆಳೆಯುವ ಈ ಭಾಗದಲ್ಲಿ ಬೋರು ಮತ್ತು ಮೋಟರಿನ ಮಾತು ಆಡದ ಮನೆ ಕಡಿಮೆ. ಆದ್ದರಿಂದ ಆಯ್ಕೆ ಸರಿಯಾಗಿತ್ತು. ಪಾಠವೂ ಚೆನ್ನಾಗಿಯೇ ನಡೆಯಿತು. ಆದರೆ ಮೌಲ್ಯಮಾಪನದಲ್ಲಿ ಒಂದು ದೊಡ್ಡ ತಪ್ಪು ಪ್ರಶಿಕ್ಷಣಾರ್ಥಿಯ ಕಣ್ಣಿಗೂ ವೀಕ್ಷಕನಾಗಿದ್ದ ನನ್ನ ಕಣ್ಣಿಗೂ ಬೀಳಲಿಲ್ಲ. ಅದನ್ನು ತೋರಿಸಿದವನು ಒಬ್ಬ ವಿದ್ಯಾರ್ಥಿ. ಆ ತಪ್ಪು ಏನು, ಅದನ್ನು ತಡೆಯಲು ಪಾಠವನ್ನು ಹೇಗೆ ತಿದ್ದಿದೆವು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮಾದರಿ ಕಾರ್ಡು

ಯಾವುದೇ ಒಂದು ಕಂಪನಿಯ ಕಾರ್ಡನ್ನು ತರಗತಿಗೆ ಒಯ್ಯಲಿಲ್ಲ. ಸಬ್‌ಮರ್ಸಿಬಲ್ ಪಂಪ್‌ಸೆಟ್ಟುಗಳ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳನ್ನು ಸೇರಿಸಿ, ಅದೇ ಬಿಗಿ ಭಾಷೆಯಲ್ಲಿ ಒಂದು ಮಾದರಿಯನ್ನು ಸಿದ್ಧಪಡಿಸಿದೆವು:

1. ಈ ಪಂಪ್‌ಸೆಟ್ಟಿಗೆ ಅಳವಡಿಸಿದ ದಿನಾಂಕದಿಂದ 12 ತಿಂಗಳು ಅಥವಾ ಕಾರ್ಖಾನೆಯಿಂದ ರವಾನೆಯಾದ ದಿನಾಂಕದಿಂದ 18 ತಿಂಗಳು, ಇವುಗಳಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ, ವಸ್ತು ಅಥವಾ ತಯಾರಿಕೆಯ ದೋಷಗಳಿಗೆ ಸಂಬಂಧಿಸಿ ವಾರಂಟಿ ಇರುತ್ತದೆ.
2. ದೋಷ ಸಾಬೀತಾದ ಭಾಗವನ್ನು ಕಂಪನಿಯು ತನ್ನ ವಿವೇಚನೆಯಂತೆ ಉಚಿತವಾಗಿ ದುರಸ್ತಿ ಮಾಡುವುದು ಅಥವಾ ಬದಲಾಯಿಸುವುದು.
3. ವೋಲ್ಟೇಜ್ ಏರಿಳಿತ, ಒಂದು ಫೇಸ್ ಕಡಿತ, ನೀರಿಲ್ಲದೆ ಚಾಲನೆ, ನೀರಿನಲ್ಲಿ ಅತಿಯಾದ ಮರಳು, ತಪ್ಪು ಕೇಬಲ್ ಜೋಡಣೆ ಇವುಗಳಿಂದ ಉಂಟಾದ ಹಾನಿ ವಾರಂಟಿಗೆ ಒಳಪಡುವುದಿಲ್ಲ.
4. ಅಧಿಕೃತ ಸೇವಾ ಕೇಂದ್ರದವರಲ್ಲದೆ ಬೇರೆಯವರು ಪಂಪ್‌ಸೆಟ್ಟನ್ನು ಬಿಚ್ಚಿದಲ್ಲಿ ವಾರಂಟಿ ರದ್ದಾಗುವುದು.
5. ಎತ್ತುವ, ಇಳಿಸುವ, ಸಾಗಿಸುವ ವೆಚ್ಚಕ್ಕೂ ಬೆಳೆನಷ್ಟ ಮೊದಲಾದ ಪರಿಣಾಮಾತ್ಮಕ ನಷ್ಟಕ್ಕೂ ಕಂಪನಿ ಹೊಣೆಯಲ್ಲ.
6. ಬಿಲ್ಲು, ವ್ಯಾಪಾರಿಯ ಮೊಹರಿರುವ ಈ ಕಾರ್ಡು ಮತ್ತು ಸೀರಿಯಲ್ ನಂಬರ್ ಹಾಜರುಪಡಿಸತಕ್ಕದ್ದು. ಅಳವಡಿಸಿದ ದಿನಾಂಕ ನಮೂದಾಗಿರದಿದ್ದಲ್ಲಿ ಬಿಲ್ಲಿನ ದಿನಾಂಕವನ್ನೇ ಪರಿಗಣಿಸಲಾಗುವುದು.
7. ಬದಲಾಯಿಸಿದ ಭಾಗಕ್ಕೆ ಮೂಲ ವಾರಂಟಿಯ ಉಳಿದ ಅವಧಿ ಮಾತ್ರ ಅನ್ವಯಿಸುತ್ತದೆ.

ಹಿಂದಿನ ದಿನವೇ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಡಲಾಗಿತ್ತು. ಮೋಟರಿನ ಗ್ಯಾರಂಟಿ ಬಗ್ಗೆ ಅಂಗಡಿಯವರನ್ನು ಏನು ಕೇಳಬೇಕೆನಿಸುತ್ತದೆ ಎಂದು ಮನೆಯ ಹಿರಿಯರನ್ನು ವಿಚಾರಿಸಿ, ಅವರು ಆಡಿದ ಮಾತಿನಲ್ಲೇ ಬರೆದು ತರಬೇಕಿತ್ತು. "ಮೋಟರ್ ಸುಟ್ಟರ ಹೊಸಾದು ಕೊಡ್ತಾರೇನ್ರಿ?", "ಎಷ್ಟ್ ದಿನಾ ಗ್ಯಾರಂಟಿ ಐತ್ರಿ?", "ಎತ್ತೂ ಖರ್ಚ ಯಾರ್ ಕೊಡಬೇಕ್ರಿ?" ಇವೇ ಹೆಚ್ಚು ಬಂದ ಪ್ರಶ್ನೆಗಳು. ಕಾರ್ಡಿನಲ್ಲಿ ಮೊದಲು ಬರುವುದು ಕಂಪನಿಯ ಹೊಣೆ ಮತ್ತು ಅದರ ಮಿತಿ. ಜನ ಮೊದಲು ಕೇಳುವುದು ಸುಟ್ಟ ಮೋಟರಿನ ಬಗ್ಗೆ. ಈ ಕ್ರಮಭೇದವೇ ಪ್ರಶ್ನೋತ್ತರ ಬರೆಯಲು ಮೊದಲ ಕಾರಣ. ಹೀಗಾಗಿ ಪ್ರಶ್ನೆ ಕೇಳುವವನ ಮಾತಿನಲ್ಲಿರಬೇಕು, ಉತ್ತರ ಕಾರ್ಡಿನ ಎಲ್ಲೆಯೊಳಗಿರಬೇಕು ಎಂದು ನಿಯಮ ಮಾಡಿದೆವು. ಪ್ರಶ್ನೆಯಲ್ಲಿ 'ಗ್ಯಾರಂಟಿ' ಎಂದಿದ್ದರೆ ಇರಲಿ, ಉತ್ತರದಲ್ಲಿ ಕಾರ್ಡಿನಲ್ಲಿರುವ 'ವಾರಂಟಿ' ಎಂಬ ಪದವನ್ನೇ ಬಳಸಬೇಕು.

ಪೂರ್ಣ ಅಂಕ ಪಡೆದ ತಪ್ಪು ಉತ್ತರ

ಒಂದು ಗುಂಪು ಬರೆದ ಹಾಳೆಯನ್ನು ಪ್ರಶಿಕ್ಷಣಾರ್ಥಿ ತರಗತಿಯಲ್ಲಿ ಓದಿ ಮೆಚ್ಚಿದರು. ಅದರಲ್ಲಿದ್ದ ಮೊದಲ ಉತ್ತರ ಹೀಗಿತ್ತು: "ಮೋಟರ್ ಇಳಿಸಿದ ದಿನದಿಂದ ಒಂದು ವರ್ಷ ವಾರಂಟಿ ಇರುತ್ತದೆ." ವಾಕ್ಯ ಚಿಕ್ಕದು, ಭಾಷೆ ತಿಳಿ. ಪಾಠಯೋಜನೆಯಲ್ಲಿದ್ದ ಉದ್ದೇಶವೂ 'ಕ್ಲಿಷ್ಟ ಪಠ್ಯವನ್ನು ಸರಳ ಕನ್ನಡದಲ್ಲಿ ಬರೆಯುವರು' ಎಂದಷ್ಟೇ ಇತ್ತು. ಆ ಉದ್ದೇಶದ ಪ್ರಕಾರ ಉತ್ತರಕ್ಕೆ ಪೂರ್ಣ ಅಂಕ ಸಿಕ್ಕಿತು.

ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮ ಮೋಟರ್ ವರ್ಷದೊಳಗ ಸುಟ್ಟಿತ್ರಿ. ಅಂಗಡ್ಯಾಗ ಗ್ಯಾರಂಟಿ ಮುಗದೈತಿ ಅಂದ್ರು. ಅಪ್ಪ ಸುಮ್ನ ಬಂದ್ರು. ಹಂಗಾರ ಅವ್ರು ಸುಳ್ಳು ಹೇಳಿದ್ರೇನ್ರಿ?"

ಈ ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿರಲಿಲ್ಲ, ಕಾರ್ಡಿನ ಕಲಂ 1ರಲ್ಲಿ ಇತ್ತು. ಹಾಳೆ ಬರೆದವರು '18 ತಿಂಗಳು' ಮತ್ತು 'ಯಾವುದು ಮೊದಲೋ' ಎಂಬ ಎರಡು ತುಣುಕುಗಳನ್ನು ಗೊಂದಲವೆಂದು ಬಿಟ್ಟಿದ್ದರು. ಮರುದಿನ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡಿದೆವು.

ಮೋಟರ್ ಕಾರ್ಖಾನೆಯಿಂದ ಹೊರಟದ್ದು 2023ರ ಮಾರ್ಚ್ 10 ಎಂದುಕೊಳ್ಳಿ. ಅದು ಗೋದಾಮಿನಲ್ಲೂ ಅಂಗಡಿಯಲ್ಲೂ ಕುಳಿತು, ರೈತನ ಬೋರಿಗೆ ಇಳಿದದ್ದು 2023ರ ನವೆಂಬರ್ 5. ಇಳಿಸಿದ ದಿನದಿಂದ 12 ತಿಂಗಳು ಎಣಿಸಿದರೆ ವಾರಂಟಿ 2024ರ ನವೆಂಬರ್ 4ಕ್ಕೆ ಮುಗಿಯುತ್ತದೆ. ರವಾನೆಯಾದ ದಿನದಿಂದ 18 ತಿಂಗಳು ಎಣಿಸಿದರೆ 2024ರ ಸೆಪ್ಟೆಂಬರ್ 9ಕ್ಕೆ ಮುಗಿಯುತ್ತದೆ. ಮೊದಲು ಬರುವುದು ಸೆಪ್ಟೆಂಬರ್ 9, ಆದ್ದರಿಂದ ಅದೇ ಕೊನೆಯ ದಿನ. ವರ್ಷವಿಡೀ ವಾರಂಟಿ ಇದೆ ಎಂದು ನಂಬಿದವನಿಗೆ 56 ದಿನ ಕಡಿಮೆ ಸಿಕ್ಕಿತು. ಸೆಪ್ಟೆಂಬರ್ 20ರಂದು ಮೋಟರ್ ಸುಟ್ಟರೆ ಕಾರ್ಡಿನ ಪ್ರಕಾರ ಅವನಿಗೆ ಏನೂ ಸಿಗುವುದಿಲ್ಲ.

ಲೆಕ್ಕ ಮುಗಿದ ಮೇಲೆ ವಿದ್ಯಾರ್ಥಿಗಳೇ ಒಂದು ಸೂತ್ರ ಕಂಡುಕೊಂಡರು. ರವಾನೆಯಾದ 6 ತಿಂಗಳೊಳಗೆ ಮೋಟರ್ ಇಳಿಸಿದರೆ ಪೂರ್ತಿ 12 ತಿಂಗಳು ದಕ್ಕುತ್ತದೆ. ಅದಕ್ಕಿಂತ ತಡವಾದಷ್ಟೂ ಅಷ್ಟಷ್ಟೇ ಕಡಿಮೆಯಾಗುತ್ತದೆ. ಕೊಳ್ಳುವವನಿಗೆ ಇದರಿಂದ ಒಂದು ನೇರ ಉಪಯೋಗವಿದೆ. ಬೆಲೆ ಕೇಳುವಾಗಲೇ ರವಾನೆಯ ದಿನಾಂಕವನ್ನೂ ಕೇಳಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಆ ಹುಡುಗ ಮನೆಯಿಂದ ತಂದ ಕಾರ್ಡಿನಲ್ಲಿ ಅಳವಡಿಸಿದ ದಿನಾಂಕದ ಜಾಗ ಖಾಲಿಯಿತ್ತು, ರವಾನೆಯ ದಿನಾಂಕವೂ ಇರಲಿಲ್ಲ. ಅಂಗಡಿಯವರು ಹೇಳಿದ್ದು ಸುಳ್ಳೋ ನಿಜವೋ ಎಂದು ಆ ಕಾರ್ಡಿನಿಂದ ತೀರ್ಮಾನಿಸಲು ದಾರಿಯೇ ಇರಲಿಲ್ಲ.

ತಿದ್ದಿದ ಉತ್ತರ ಹೀಗಾಯಿತು: "ಇಳಿಸಿದ ದಿನದಿಂದ 12 ತಿಂಗಳು. ಆದರೆ ಕಾರ್ಖಾನೆಯಿಂದ ಹೊರಟು 18 ತಿಂಗಳಾದ ದಿನ ಇದಕ್ಕೂ ಮೊದಲೇ ಬಂದರೆ, ಅಂದೇ ವಾರಂಟಿ ಮುಗಿಯುತ್ತದೆ." ಒಂದು ವಾಕ್ಯವಿದ್ದದ್ದು ಎರಡಾಯಿತು. ಸರಳತೆ ಕೆಡಲಿಲ್ಲ, ಷರತ್ತೂ ಉಳಿಯಿತು.

'ಸುಟ್ಟರೆ ಕೊಡುತ್ತಾರೇನು?' ಎಂಬ ಪ್ರಶ್ನೆ

ಹೆಚ್ಚು ಜನ ಕೇಳಿದ ಈ ಪ್ರಶ್ನೆಗೆ ಒಂದು ಗುಂಪು 'ಹೌದು' ಎಂದು, ಇನ್ನೊಂದು ಗುಂಪು 'ಇಲ್ಲ' ಎಂದು ಬರೆದಿತ್ತು. ಎರಡೂ ತಪ್ಪು. ಸುಡುವುದು ಪರಿಣಾಮ, ಕಾರ್ಡು ನೋಡುವುದು ಕಾರಣವನ್ನು. ತಯಾರಿಕೆಯ ದೋಷದಿಂದ ವೈಂಡಿಂಗ್ ಸುಟ್ಟರೆ ಕಲಂ 1, ವೋಲ್ಟೇಜಿನಿಂದಲೋ ಫೇಸ್ ಹೋಗಿಯೋ ಸುಟ್ಟರೆ ಕಲಂ 3. ಹಾಗಾದರೆ ಕಾರಣವನ್ನು ಗುರುತಿಸುವುದು ಹೇಗೆ? ಇದನ್ನು ಶಿಕ್ಷಕರು ಸ್ವಲ್ಪವಾದರೂ ತಿಳಿದಿರಬೇಕು, ಇಲ್ಲದಿದ್ದರೆ ಉತ್ತರ ಬರೆಸಲಾಗದು.

ಸುಟ್ಟ ಸುರುಳಿಗಳ ನೋಟವೇ ಮೊದಲ ಸುಳಿವು. ಮೂರು ಫೇಸಿನ ಮೋಟರ್ ಓಡುತ್ತಿರುವಾಗ ಒಂದು ಫೇಸ್ ಹೋದರೆ ಸುರುಳಿಗಳು ಸಮನಾಗಿ ಸುಡುವುದಿಲ್ಲ. ಸ್ಟಾರ್ ಜೋಡಣೆಯಿದ್ದರೆ ಎರಡು ಫೇಸಿನ ಸುರುಳಿಗಳು ಕಪ್ಪಾಗಿ, ಮೂರನೆಯದು ಹಾಗೆಯೇ ಉಳಿಯುತ್ತದೆ. ಡೆಲ್ಟಾ ಜೋಡಣೆಯಿದ್ದರೆ ಒಂದು ಫೇಸಿನದು ಮಾತ್ರ ಕಪ್ಪಾಗುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಅಥವಾ ಮಿತಿಮೀರಿದ ಹೊರೆಯಲ್ಲಿ ಬಹಳ ಹೊತ್ತು ಓಡಿದ್ದರೆ ಮೂರೂ ಫೇಸು ಒಂದೇ ರೀತಿ ಕಪ್ಪಾಗುತ್ತವೆ. ಉಳಿದ ಸುರುಳಿಯೆಲ್ಲ ಸ್ವಚ್ಛವಾಗಿದ್ದು ಒಂದೇ ಜಾಗದಲ್ಲಿ ಕರಗಿದ ಗುರುತಿದ್ದರೆ ಅಲ್ಲಿ ತಂತಿಯ ಹೊದಿಕೆ ಸೋತಿದೆ ಎಂದರ್ಥ. ಅದು ತಯಾರಿಕೆಯ ದೋಷವಿರಬಹುದು. ಆದರೆ ಸಿಡಿಲಿನಂಥ ಹಠಾತ್ ವೋಲ್ಟೇಜಿನಿಂದಲೂ ಹೊದಿಕೆ ಒಂದೆಡೆ ತೂತಾಗಬಲ್ಲದು. ಹೀಗೆ ನೋಟವೊಂದರಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ.

ಇಲ್ಲಿಗೇ ಕಲಂ 4ರ ಮಹತ್ವ ತಿಳಿಯುತ್ತದೆ. ತೋಟ ಬಾಡುತ್ತಿರುವಾಗ ರೈತ ಸುಟ್ಟ ಮೋಟರನ್ನು ಎತ್ತಿಸಿ ಅದೇ ದಿನ ಹತ್ತಿರದ ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾನೆ. ಅಲ್ಲಿ ಹಳೆಯ ತಂತಿಯನ್ನು ಕಿತ್ತು ಹೊಸದನ್ನು ಸುತ್ತುತ್ತಾರೆ. ಕಾರಣವನ್ನು ಹೇಳಬಲ್ಲ ಸಾಕ್ಷಿ ಆ ಕಿತ್ತ ತಂತಿಯೇ. ಅದು ಹೋದ ಮೇಲೆ ದೋಷ ಕಂಪನಿಯದೆಂದು ತೋರಿಸಲು ಏನೂ ಉಳಿಯದು. ಒಬ್ಬ ವಿದ್ಯಾರ್ಥಿನಿ ಕಲಂ 4ನ್ನು "ಹೊರಗಡೆ ರಿಪೇರಿ ಮಾಡಿಸಬಾರದು" ಎಂದಷ್ಟೇ ಬರೆದಿದ್ದಳು. ಓದಿದವರಿಗೆ ಅದು ಕಂಪನಿಯ ಅಪ್ಪಣೆಯಂತೆ ಕಾಣುತ್ತದೆ, ಯಾಕೆಂದು ತಿಳಿಯುವುದಿಲ್ಲ. "ಬಿಚ್ಚಿಸುವ ಮೊದಲು ಸೇವಾ ಕೇಂದ್ರಕ್ಕೆ ತಿಳಿಸಿ. ಬೇರೆಯವರು ಬಿಚ್ಚಿದರೆ ವಾರಂಟಿ ರದ್ದಾಗುತ್ತದೆ, ಸುಟ್ಟ ಕಾರಣವೂ ಗೊತ್ತಾಗದೆ ಹೋಗುತ್ತದೆ" ಎಂದು ಅವಳೇ ತಿದ್ದಿದಳು.

ಈ ಪ್ರಶ್ನೆಯಲ್ಲಿ ಇನ್ನೊಂದು ಬಲೆಯಿದೆ. "ಹೊಸದು ಕೊಡುತ್ತಾರೆ" ಎಂದು ಬರೆದವರು ಕಾರ್ಡು ಕೊಡದ ಭರವಸೆಯನ್ನು ಕೊಟ್ಟಂತಾಯಿತು. ಕಲಂ 2ರಲ್ಲಿರುವುದು 'ದುರಸ್ತಿ ಅಥವಾ ಬದಲಾವಣೆ', ಅದೂ ದೋಷವಿರುವ ಭಾಗಕ್ಕೆ ಮಾತ್ರ. ಯಾವುದನ್ನು ಮಾಡಬೇಕೆಂದು ತೀರ್ಮಾನಿಸುವವರು ಕಂಪನಿಯವರು. 'ತನ್ನ ವಿವೇಚನೆಯಂತೆ' ಎಂಬ ಎರಡು ಪದಗಳ ಅರ್ಥ ಇದೇ, ಸರಳಗೊಳಿಸುವಾಗ ಮೊದಲು ಬೀಳುವುದೂ ಇವೇ ಪದಗಳು.

ಕಾರ್ಡು ಒಂದು, ಕಾನೂನು ಇನ್ನೊಂದು

ಕಲಂ 5ನ್ನು ಓದಿದಾಗ ತರಗತಿಯಲ್ಲಿ ಅಸಮಾಧಾನ ಎದ್ದಿತು. ಮೋಟರ್ ಕೆಟ್ಟದ್ದು ಕಂಪನಿಯ ತಪ್ಪಿನಿಂದಲೇ ಆದರೂ ಎತ್ತುವ ಖರ್ಚು ರೈತನದೇ? ಒಣಗಿದ ಬೆಳೆ? ಕಾರ್ಡಿನ ಮಟ್ಟಿಗೆ ಉತ್ತರ ಸ್ಪಷ್ಟ: ಕಂಪನಿ ಕೊಡುವುದಿಲ್ಲ. ಪ್ರಶ್ನೋತ್ತರದಲ್ಲಿ ಅದನ್ನು ಹಾಗೆಯೇ ಬರೆಯಬೇಕು. ಕರುಣೆಯಿಂದ ಮೆದುಗೊಳಿಸಬಾರದು, ಕೊನೆಯಲ್ಲಿ ಅಡಗಿಸಲೂಬಾರದು.

ಆದರೆ ಕಾರ್ಡು ಮುಗಿದಲ್ಲಿ ಗ್ರಾಹಕನ ಹಕ್ಕು ಮುಗಿಯುವುದಿಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕರ ರಕ್ಷಣಾ ಕಾಯ್ದೆ, 2019ರ ಪ್ರಕಾರ ದೋಷಯುಕ್ತ ವಸ್ತುವಿನ ಬಗ್ಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೀಗಾಗಿ ಸೊಲ್ಲಾಪುರದಲ್ಲಿ ಮೋಟರ್ ಕೊಂಡ ಅರಕೇರಿಯವನು ವಿಜಯಪುರದಲ್ಲೇ ದೂರು ಸಲ್ಲಿಸಬಹುದು. ವ್ಯಾಪಾರಕ್ಕಾಗಿ ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವುದನ್ನು ಕಾಯ್ದೆ ವ್ಯಾಪಾರೋದ್ದೇಶ ಎನ್ನುವುದಿಲ್ಲ. ಮೊದಲು ಸಲಹೆ ಬೇಕಾದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆಯೋಗ ಬೆಳೆನಷ್ಟವನ್ನು ಕೊಡಿಸಿಯೇ ತೀರುತ್ತದೆ ಎಂದು ಬರೆಯುವಂತಿಲ್ಲ. ಅದು ಆಯಾ ಪ್ರಕರಣದ ಸಾಕ್ಷ್ಯವನ್ನು ಅವಲಂಬಿಸಿದ್ದು. ಆದ್ದರಿಂದ ಕಾನೂನಿನ ವಿಷಯವನ್ನು ಪ್ರಶ್ನೋತ್ತರದ ಕೊನೆಯಲ್ಲಿ ಬೇರೆ ಪೆಟ್ಟಿಗೆಯಲ್ಲಿ ಬರೆಸಿದೆವು. ಕಾರ್ಡು ಹೇಳುವುದನ್ನೂ ಕಾನೂನು ಹೇಳುವುದನ್ನೂ ಒಂದೇ ಉತ್ತರದಲ್ಲಿ ಬೆರೆಸಿದರೆ ಓದುಗನಿಗೆ ಯಾರಲ್ಲಿ ಏನು ಕೇಳಬೇಕೆಂಬುದೇ ತಿಳಿಯದು.

ಎರಡು ಅವಧಿಗಳ ಪಾಠ

ತಿದ್ದಿದ ಪಾಠಕ್ಕೆ 40 ನಿಮಿಷದ ಎರಡು ಅವಧಿಗಳು ಬೇಕಾದವು. ಮೊದಲ ಅವಧಿಯಲ್ಲಿ ಬರೆಯುವ ಕೆಲಸವಿಲ್ಲ. ಗುಂಪುಗಳು ಮನೆಯಿಂದ ತಂದ ಪ್ರಶ್ನೆಗಳನ್ನು ಒಂದೊಂದಾಗಿ ಕಲಂಗಳ ಎದುರಿಗೆ ಇಡುತ್ತವೆ. ಒಂದು ಪ್ರಶ್ನೆಗೆ ಎರಡು ಕಲಂ ಬೇಕಾಗಬಹುದು, ಯಾವ ಕಲಮೂ ಸಿಗದಿರಬಹುದು. ಸಿಗದಿದ್ದರೆ 'ಕಾರ್ಡಿನಲ್ಲಿ ಹೇಳಿಲ್ಲ' ಎಂಬುದೇ ಉತ್ತರ, ಊಹೆಗೆ ಅವಕಾಶವಿಲ್ಲ. ಬಳಿಕ ಪ್ರತಿ ಕಲಮಿನಲ್ಲಿ 'ಆದರೆ', 'ಅಥವಾ', 'ಮಾತ್ರ', 'ಹೊರತು', 'ಮೊದಲು' ಎಂಬರ್ಥ ಕೊಡುವ ಮಾತುಗಳಿಗೆ ಗೆರೆ ಎಳೆಯುತ್ತಾರೆ. ಸರಳಗೊಳಿಸುವಾಗ ಉಳಿದ ಯಾವ ಪದವನ್ನಾದರೂ ಬದಲಿಸಬಹುದು, ಗೆರೆ ಎಳೆದ ಮಾತಿನ ಅರ್ಥ ಮಾತ್ರ ಉತ್ತರದಲ್ಲಿ ಇರಲೇಬೇಕು.

ಎರಡನೆಯ ಅವಧಿಯ ಅರ್ಧ ಬರವಣಿಗೆಗೆ, ಅರ್ಧ ಪರೀಕ್ಷೆಗೆ. ಉತ್ತರದ ಮೊದಲ ವಾಕ್ಯದಲ್ಲೇ ಹೌದು, ಇಲ್ಲ ಅಥವಾ 'ಕಾರಣದ ಮೇಲೆ ಹೋಗುತ್ತದೆ' ಎಂಬುದು ಬರಬೇಕು, ಕೊನೆಯಲ್ಲಿ ಕಲಂ ಸಂಖ್ಯೆ ಇರಬೇಕು. ಮುಗಿದ ಮೇಲೆ ಹಾಳೆಗಳು ಅದಲುಬದಲಾಗುತ್ತವೆ. ಕಾರ್ಡನ್ನು ಮುಚ್ಚಿಟ್ಟು, ಇನ್ನೊಂದು ಗುಂಪಿನ ಹಾಳೆಯನ್ನಷ್ಟೇ ನೋಡಿ ಶಿಕ್ಷಕರು ಕೊಡುವ ಸನ್ನಿವೇಶಗಳಿಗೆ ಉತ್ತರಿಸಬೇಕು. ಆಮೇಲೆ ಕಾರ್ಡು ತೆರೆದು ತಾಳೆ ನೋಡಬೇಕು. ಉತ್ತರ ತಪ್ಪಾದರೆ ಅಂಕ ಕಳೆಯುವುದು ಓದಿದವರಿಗಲ್ಲ, ಹಾಳೆ ಬರೆದವರಿಗೆ. ಭಾಷೆಯ ಸರಳತೆಗೆ 4 ಅಂಕ, ಸನ್ನಿವೇಶ ಪರೀಕ್ಷೆಗೆ 6 ಅಂಕ ಎಂದು ಹಂಚಿದೆವು.

ನಾವು ಬಳಸಿದ ಮೂರು ಸನ್ನಿವೇಶಗಳು ಇವು. ಒಂದು: 2023ರ ಮಾರ್ಚ್ 10ರಂದು ರವಾನೆಯಾಗಿ ನವೆಂಬರ್ 5ರಂದು ಇಳಿಸಿದ ಮೋಟರ್ 2024ರ ಸೆಪ್ಟೆಂಬರ್ 20ಕ್ಕೆ ಕೆಟ್ಟಿದೆ. ಎರಡು: ಹತ್ತನೆಯ ತಿಂಗಳಲ್ಲಿ ಒಂದು ಭಾಗ ಬದಲಾಯಿಸಿಕೊಟ್ಟರು, ಹದಿನಾಲ್ಕನೆಯ ತಿಂಗಳಲ್ಲಿ ಅದೇ ಭಾಗ ಮತ್ತೆ ಕೆಟ್ಟಿದೆ. ಮೂರು: ಅವಧಿಯೊಳಗೇ ಸುಟ್ಟಿದೆ, ಬಿಲ್ಲು ಇದೆ, ಆದರೆ ಕಾರ್ಡಿನಲ್ಲಿ ಮೊಹರಿಲ್ಲ. ಮೊದಲ ಎರಡಕ್ಕೂ ಕಾರ್ಡಿನ ಉತ್ತರ 'ಇಲ್ಲ'. ಮೂರನೆಯದಕ್ಕೆ ಕಲಂ 6ರಂತೆ ಕಂಪನಿ ಒಪ್ಪದಿರಬಹುದು, ಆದರೂ ಬಿಲ್ಲು ಖರೀದಿಗೆ ಸಾಕ್ಷಿಯಾದ್ದರಿಂದ ಪೆಟ್ಟಿಗೆಯಲ್ಲಿರುವ ದಾರಿ ತೆರೆದಿರುತ್ತದೆ.

ತರಗತಿ ಸಿದ್ಧಪಡಿಸಿದ ಪ್ರಶ್ನೋತ್ತರ

ಎಷ್ಟು ದಿನ ಗ್ಯಾರಂಟಿ ಇದೆ?
ಇಳಿಸಿದ ದಿನದಿಂದ 12 ತಿಂಗಳು. ಆದರೆ ಕಾರ್ಖಾನೆಯಿಂದ ಹೊರಟು 18 ತಿಂಗಳಾದ ದಿನ ಇದಕ್ಕೂ ಮೊದಲೇ ಬಂದರೆ, ಅಂದೇ ವಾರಂಟಿ ಮುಗಿಯುತ್ತದೆ. (ಕಲಂ 1)

ಮೋಟರ್ ಸುಟ್ಟರೆ ಹೊಸದು ಕೊಡುತ್ತಾರಾ?
ಕಾರಣದ ಮೇಲೆ ಹೋಗುತ್ತದೆ. ತಯಾರಿಕೆಯ ಅಥವಾ ವಸ್ತುವಿನ ದೋಷವಿದ್ದರೆ ಕೆಟ್ಟ ಭಾಗವನ್ನು ಪುಕ್ಕಟೆ ರಿಪೇರಿ ಮಾಡುತ್ತಾರೆ ಅಥವಾ ಬದಲಾಯಿಸುತ್ತಾರೆ. ಎರಡರಲ್ಲಿ ಯಾವುದೆಂದು ಕಂಪನಿ ನಿರ್ಧರಿಸುತ್ತದೆ. (ಕಲಂ 1, 2)

ಕರೆಂಟಿನಿಂದ ಸುಟ್ಟರೆ?
ಇಲ್ಲ. ವೋಲ್ಟೇಜ್ ಏರಿಳಿತ, ಒಂದು ಫೇಸ್ ಹೋಗುವುದು, ನೀರಿಲ್ಲದೆ ಓಡಿಸುವುದು, ಅತಿಯಾದ ಮರಳು, ತಪ್ಪು ಕೇಬಲ್ ಜೋಡಣೆ ಇವುಗಳಿಂದಾದ ಹಾನಿಗೆ ವಾರಂಟಿ ಇಲ್ಲ. (ಕಲಂ 3)

ಊರಲ್ಲೇ ಬಿಚ್ಚಿಸಿ ನೋಡಬಹುದಾ?
ಬೇಡ. ಅಧಿಕೃತ ಸೇವಾ ಕೇಂದ್ರದವರಲ್ಲದೆ ಬೇರೆಯವರು ಬಿಚ್ಚಿದರೆ ವಾರಂಟಿ ರದ್ದಾಗುತ್ತದೆ, ಸುಟ್ಟ ಕಾರಣವೂ ಗೊತ್ತಾಗದೆ ಹೋಗುತ್ತದೆ. (ಕಲಂ 4)

ಎತ್ತುವ ಖರ್ಚು, ಬೆಳೆನಷ್ಟ ಕೊಡುತ್ತಾರಾ?
ಇಲ್ಲ. ಎತ್ತುವ, ಇಳಿಸುವ, ಸಾಗಿಸುವ ಖರ್ಚು ಕೊಂಡವರದು. ಬೆಳೆನಷ್ಟವನ್ನು ಈ ಕಾರ್ಡಿನಡಿ ಕೊಡುವುದಿಲ್ಲ. (ಕಲಂ 5)

ಬದಲಾಯಿಸಿದ ಭಾಗಕ್ಕೆ ಮತ್ತೆ 12 ತಿಂಗಳು ಸಿಗುತ್ತದಾ?
ಇಲ್ಲ. ಮೊದಲಿನ ವಾರಂಟಿಯಲ್ಲಿ ಉಳಿದಷ್ಟು ದಿನ ಮಾತ್ರ. (ಕಲಂ 7)

ಕೊಳ್ಳುವಾಗ ಏನೇನು ಬರೆಸಿಕೊಳ್ಳಬೇಕು?
ಬಿಲ್ಲು, ಕಾರ್ಡಿನ ಮೇಲೆ ಅಂಗಡಿಯ ಮೊಹರು, ಸೀರಿಯಲ್ ನಂಬರ್, ರವಾನೆಯಾದ ದಿನಾಂಕ. ಮೋಟರ್ ಇಳಿಸಿದ ದಿನವೇ ಆ ದಿನಾಂಕವನ್ನೂ ಬರೆಸಿ. ಅದು ಖಾಲಿಯಿದ್ದರೆ ಬಿಲ್ಲಿನ ದಿನದಿಂದ ಎಣಿಸುತ್ತಾರೆ. (ಕಲಂ 1, 6)

ಕೊನೆಯ ಪ್ರಶ್ನೆ ಮನೆಯಿಂದ ಬಂದ ಪಟ್ಟಿಯಲ್ಲಿರಲಿಲ್ಲ. ಖಾಲಿ ಜಾಗದ ಕಾರ್ಡು ತಂದ ಹುಡುಗ ಅದನ್ನು ಸೇರಿಸಿದ. ಹಾಳೆಯ ಒಂದು ಪ್ರತಿಯನ್ನು ಅವನು ಮನೆಯ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿದ್ದಾನೆಂದು ಪ್ರಶಿಕ್ಷಣಾರ್ಥಿ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ.